ಕಲಬುರಗಿಯಲ್ಲಿ ರಾತ್ರಿ ಒಂದೂವರೆಗೆ: ಯಾವ ಮೆಡಿಕಲ್, ಯಾವ ಬ್ಲಡ್ ಬ್ಯಾಂಕ್, ಯಾವ ಲ್ಯಾಬ್

ಮೊದಲೇ ಹೇಳಿಬಿಡ್ತೀನಿ, ಮೂರಕ್ಕೂ ನನ್ನ ಮತ ದೊಡ್ಡ ಆಸ್ಪತ್ರೆಯ ಕಾಂಪೌಂಡಿನೊಳಗೆ ಇರೋದಕ್ಕೇ. ನಾನು ದಾವಣಗೆರೆಯವನು, ವರ್ಗವಾಗಿ ಬಂದು ಆರು ತಿಂಗಳು. ಶಹಾಪುರದಿಂದ ಬಂದಿದ್ದ ಮಾವ ರಾತ್ರಿ ರಕ್ತ ವಾಂತಿ ಮಾಡಿಕೊಂಡರು. ಹೊಟ್ಟೆಯ ಹುಣ್ಣು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸೇರಿಸಿದಾಗ ಹಿಮೋಗ್ಲೋಬಿನ್ 6.4. ಡಾಕ್ಟರು ಎರಡು ಯೂನಿಟ್ ಪ್ಯಾಕ್ಡ್ ಸೆಲ್, ಅಂದರೆ ರಕ್ತದಿಂದ ಬೇರ್ಪಡಿಸಿದ ಕೆಂಪು ಕಣ, ಮತ್ತು ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ತರಲು ಚೀಟಿ ಕೊಟ್ಟರು.

ಮೆಡಿಕಲ್ ವಿಷಯ ಬೇಗ ಮುಗಿಸ್ತೀನಿ. ಮ್ಯಾಪಿನಲ್ಲಿ ‘24 ಗಂಟೆ’ ಅಂತ ತೋರಿಸಿದ ಎರಡು ಅಂಗಡಿಗೂ ಹೋದೆ, ಎರಡೂ ಕಡೆ ಶಟರ್ ಎಳೆದಿತ್ತು. ಸೇಡಂ ರಸ್ತೆಯ ದೊಡ್ಡ ಆಸ್ಪತ್ರೆಯೊಂದರ ಒಳಗಿನ ಮೆಡಿಕಲ್ ತೆರೆದಿತ್ತು. ಹೊರಗಿನ ಚೀಟಿಗೂ ಕೊಡ್ತಾರೆ, ಆದರೆ ಚೀಟಿಯಲ್ಲಿದ್ದ ಕಂಪನಿಯದು ಇರಲಿಲ್ಲ. ಆಗ ‘ಪ್ಯಾಂಟೊಪ್ರಜೋಲ್ 40’ ಅಂತ ಔಷಧದ ಹೆಸರೇ ಹೇಳಿ, ಬೇರೆ ಕಂಪನಿಯದು ಆಗುತ್ತಾ ಅಂತ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದೆ. ಐದು ನಿಮಿಷದ ಕೆಲಸ.

ರಕ್ತಕ್ಕೆ e-RaktKosh ಅನ್ನೋ ಸರ್ಕಾರಿ ವೆಬ್‌ಸೈಟ್ ತೆರೆದು ಜಿಲ್ಲೆ, ಗುಂಪು ಆರಿಸಿದರೆ ಯಾವ ಬ್ಯಾಂಕಿನಲ್ಲಿ ಎಷ್ಟು ಯೂನಿಟ್ ಅಂತ ಬರುತ್ತೆ. ಪಕ್ಕದಲ್ಲಿ Last Updated ಅಂತ ಒಂದು ಕಾಲಂ ಇದೆ, ಅಲ್ಲಿ ನಿನ್ನೆಯ ತಾರೀಕಿದ್ದರೆ ಆ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. ಮಾವನದು ಬಿ ಪಾಸಿಟಿವ್, ಎರಡು ಕಡೆ ಸಿಕ್ಕಿತು. ಮನೆ ಹತ್ತಿರದ ಖಾಸಗಿ ಬ್ಯಾಂಕಿನವರು ಫೋನ್ ಎತ್ತಿ ‘ಅದ ರೀ’ ಅಂದರು. ಆದರೆ ಆ ಯೂನಿಟ್ ರೋಗಿಯ ರಕ್ತಕ್ಕೆ ಹೊಂದುತ್ತಾ ಅಂತ ನೋಡೋ ಪರೀಕ್ಷೆ, ಅಂದರೆ ಕ್ರಾಸ್‌ಮ್ಯಾಚ್, ಮಾಡುವವರು ಮನೆಯಿಂದ ಬರಬೇಕಿತ್ತಂತೆ. ಆಸ್ಪತ್ರೆಯೊಳಗಿನ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ರಾತ್ರಿಯಿಡೀ ಕೂತಿರ್ತಾರೆ. ಹಾಗಾಗಿ ರಕ್ತ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ, ಈಗ ಕ್ರಾಸ್‌ಮ್ಯಾಚ್ ಮಾಡುವವರು ಇದ್ದಾರಾ ಅಂತಲೂ ಕೇಳಿ.

ನನ್ನ ರಾತ್ರಿ ಹಾಳಾಗಿದ್ದು ಅಲ್ಲೇ. ನರ್ಸಿಂಗ್ ಹೋಮಿನವರು ನೇರಳೆ ಮುಚ್ಚಳದ್ದೊಂದು, ಕೆಂಪು ಮುಚ್ಚಳದ್ದೊಂದು ಟ್ಯೂಬು ತುಂಬಿ ಕೈಗೆ ಕೊಟ್ಟಿದ್ದರು. ಟೆಕ್ನಿಷಿಯನ್ ಟ್ಯೂಬು ನೋಡಿದರು, ಫಾರಂ ನೋಡಿದರು, ಎರಡನ್ನೂ ವಾಪಸ್ ನನ್ನ ಕಡೆ ಸರಿಸಿದರು.

“ಹೆಸರು ಬ್ಯಾರೆ ಅದ ನೋಡ್ರಿ.”

ಆಧಾರ್ ನೋಡಿ ತುಂಬಿದ ಫಾರಂನಲ್ಲಿ ಶರಣಬಸಪ್ಪ. ಟ್ಯೂಬಿನ ಮೇಲೆ ಶರಣಪ್ಪ, ಯಾಕಂದ್ರೆ ಗಾಬರಿಯಲ್ಲಿ ನನ್ನ ಹೆಂಡತಿ ಮನೆಯಲ್ಲಿ ಕರೆಯೋ ಹೆಸರು ಹೇಳಿದ್ದಳು. ಇಬ್ಬರೂ ಒಬ್ಬರೇ ರೀ, ನಾನೇ ತಿದ್ದಿ ಬರೀತೀನಿ ಅಂದೆ. “ತಿದ್ದಂಗಿಲ್ರಿ. ಹೊಸಾ ಸ್ಯಾಂಪಲ್ ತರ್ರಿ.”

ಆಗ ಸಿಟ್ಟು ಬಂತು. ಈಗ ಅನ್ನಿಸುತ್ತೆ, ಈ ಊರಲ್ಲಿ ಒಂದು ವಾರ್ಡಿನಲ್ಲಿ ಎಷ್ಟು ಜನ ಶರಣಪ್ಪ ಇರಬಹುದು! ಬೇರೆ ಶರಣಪ್ಪನ ರಕ್ತಕ್ಕೆ ಹೊಂದಿಸಿದ ಯೂನಿಟ್ ಮಾವನಿಗೆ ಹೋದರೆ, ಗುಂಪು ಬೇರೆಯಾಗಿದ್ದರೆ, ಪ್ರಾಣಕ್ಕೇ ಕುತ್ತು. ಆಟೋದಲ್ಲಿ ಹೋಗಿ ಬಂದು, ಮತ್ತೆ ಕ್ರಾಸ್‌ಮ್ಯಾಚ್‌ಗೆ ಮುಕ್ಕಾಲು ಗಂಟೆ ಕಾದು, ಮೂರೂವರೆಗೆ ರಕ್ತ ಸಿಕ್ಕಿತು. ಟ್ಯೂಬಿಗೆ ಚೀಟಿ ಅಂಟಿಸಬೇಕಾದ್ದು ರೋಗಿಯ ಮಂಚದ ಪಕ್ಕದಲ್ಲೇ. ಹೊರಡುವ ಮುಂಚೆ ಫಾರಂ ಮತ್ತು ಟ್ಯೂಬುಗಳ ಹೆಸರು, ಒಳರೋಗಿಗೆ ಕೊಡೋ ಐಪಿ ನಂಬರ್ ಅಕ್ಷರ ಅಕ್ಷರ ಹೋಲಿಸಿ, ಡಾಕ್ಟರ ಸಹಿ ಇದೆಯಾ ನೋಡಿ.

ಯೂನಿಟ್ಟಿಗೆ 1550 ರೂಪಾಯಿ ಕೊಟ್ಟೆ. ಅದು ರಕ್ತದ ಬೆಲೆಯಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ.

ಲ್ಯಾಬಿನ ಪಾಠ ಹತ್ತು ದಿನ ಬಿಟ್ಟು ಕಲಿತೆ. ಮನೆ ಕೆಳಗಿನ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟ ರಕ್ತಕ್ಕೆ ಪೊಟ್ಯಾಸಿಯಂ 6.1 ಬಂತು. ಅಷ್ಟಾದರೆ ಹೃದಯದ ಬಡಿತವೇ ತಪ್ಪಬಹುದು, ಮಾವ ನೋಡಿದರೆ ಆರಾಮಾಗಿ ರೊಟ್ಟಿ ತಿಂತಿದ್ದರು. ರಿಪೋರ್ಟಿನ ತಲೆಯಲ್ಲಿ ಎರಡು ಸಮಯ ಇದ್ದವು: ರಕ್ತ ತೆಗೆದದ್ದು ಬೆಳಿಗ್ಗೆ 9.10, ಬೇರೆ ಊರಿನ ಲ್ಯಾಬಿಗೆ ತಲುಪಿದ್ದು ರಾತ್ರಿ 9.40. ಸೀರಂ ಅನ್ನೋ ತಿಳಿ ದ್ರವವನ್ನು ಬೇರ್ಪಡಿಸದೆ ಅಷ್ಟು ಹೊತ್ತು ಇಟ್ಟರೆ ರಕ್ತಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತೆ, ಐಸ್ ಡಬ್ಬಿಯಲ್ಲಿಟ್ಟರೆ ಇನ್ನೂ ಹೆಚ್ಚು. ಆದರೂ ಸುಳ್ಳು ರಿಪೋರ್ಟ್ ಅಂತ ನಾವೇ ತೀರ್ಮಾನಿಸೋದು ಅಪಾಯ. ಡಾಕ್ಟರು ಕೂಡಲೇ ಇಸಿಜಿ ಮಾಡಿಸಿ, ಆಸ್ಪತ್ರೆಯದೇ ಯಂತ್ರವಿರುವ ಲ್ಯಾಬಿನಲ್ಲಿ ಮತ್ತೆ ನೋಡಿಸಿದರು. ಒಂದು ಗಂಟೆಯೊಳಗೆ ಬಂದ ಉತ್ತರ 4.4, ನಾರ್ಮಲ್.

ಥೈರಾಯ್ಡ್, ವಿಟಮಿನ್ ಥರದ್ದಕ್ಕೆ ಈಗಲೂ ಕೆಳಗಿನ ಸೆಂಟರಿಗೇ ಹೋಗ್ತೀನಿ. ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ದುಡ್ಡೂ ಕಡಿಮೆ. ಪೊಟ್ಯಾಸಿಯಂ ಬರೆದಿದ್ದರೆ ಮಾತ್ರ ಆಟೋ ಹತ್ತಿ ಸೇಡಂ ರಸ್ತೆ.