ಮತ ಅವೇ, ಸೀಟು ಬೇರೆ: ಡೋಂಟ್, ಸೇಂತ್-ಲಾಗ್ಯೂ ಮತ್ತು 1.4ರ ಪದ್ಧತಿ ಒಂದೇ ಶೀಟಿನಲ್ಲಿ

ಪಕ್ಷಗಳಿಗೆ ಬಿದ್ದ ಮತಕ್ಕೆ ತಕ್ಕಂತೆ ಸೀಟು ಹಂಚುವ ದೇಶಗಳಲ್ಲಿ ಎಲ್ಲರೂ ಒಂದೇ ಲೆಕ್ಕ ಹಾಕುವುದಿಲ್ಲ. ನಮ್ಮ ಲೋಕಸಭೆಗೆ ಈ ಲೆಕ್ಕವೇ ಬೇಕಿಲ್ಲ, ಹೆಚ್ಚು ಮತ ಬಂದವರು ಗೆದ್ದರು, ಅಷ್ಟೆ. ಪಕ್ಷಗಳು ಅಭ್ಯರ್ಥಿಗಳ ಪಟ್ಟಿ ಕೊಟ್ಟು ಜನ ಪಕ್ಷಕ್ಕೆ ಮತ ಹಾಕುವ ಪಟ್ಟಿ ಪದ್ಧತಿಯಲ್ಲಿ ಹಾಗಲ್ಲ. ಪ್ರತಿ ಪಕ್ಷದ ಮತವನ್ನು ಒಂದು ಸಂಖ್ಯಾಸರಣಿಯಿಂದ ಭಾಗಿಸುತ್ತಾ ಹೋಗುತ್ತಾರೆ. ಬಂದ ಭಾಗಲಬ್ಧಗಳಲ್ಲಿ ಅತಿ ದೊಡ್ಡವು ಯಾರ ಸಾಲಿನಲ್ಲಿವೆಯೋ ಅವರಿಗೆ ಸೀಟು. ಯಾವ ಸರಣಿಯಿಂದ ಭಾಗಿಸಬೇಕು ಎನ್ನುವುದರಲ್ಲೇ ಜಗಳವೆಲ್ಲ ಇರುವುದು.

ಹೋಲಿಕೆಗೆ 2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಇಂಗ್ಲೆಂಡಿನ ಈಶಾನ್ಯ ಪ್ರಾಂತ್ಯದ ಫಲಿತಾಂಶ ಹೇಳಿ ಮಾಡಿಸಿದಂತಿದೆ. ಇದ್ದದ್ದು ಮೂರೇ ಸೀಟು, ಕಣದಲ್ಲಿ ಏಳು ಪಕ್ಷ. ಬ್ರೆಕ್ಸಿಟ್ ಪಾರ್ಟಿಗೆ 2,40,056, ಲೇಬರ್‌ಗೆ 1,19,931, ಲಿಬರಲ್ ಡೆಮಾಕ್ರಾಟರಿಗೆ 1,04,330. ಉಳಿದ ನಾಲ್ಕು ಪಕ್ಷಗಳಲ್ಲಿ ಗ್ರೀನ್ ಪಕ್ಷವೇ ಮುಂದು, ಅದಕ್ಕೂ 49,905 ಮಾತ್ರ.

ಎಕ್ಸೆಲ್ ಶೀಟನ್ನು ಹೀಗೆ ಹೂಡಿ. A ಕಾಲಂನಲ್ಲಿ ಪಕ್ಷ, B4ರಿಂದ B10ರವರೆಗೆ ಮತ. ಮೂರನೇ ಸಾಲಿನ C3, D3, E3ಯಲ್ಲಿ ಭಾಜಕಗಳು. ಒಟ್ಟು ಸೀಟು, ಅಂದರೆ 3, G1ರಲ್ಲಿ. ಎಷ್ಟು ಸೀಟಿದೆಯೋ ಅಷ್ಟು ಭಾಜಕ ಕಾಲಂ ಇದ್ದರೆ ಎಂದೂ ಸಾಲದೆ ಹೋಗುವುದಿಲ್ಲ, ಏಕೆಂದರೆ ಒಂದೇ ಪಕ್ಷ ಎಲ್ಲವನ್ನೂ ಬಾಚಿಕೊಂಡರೂ ಅದಕ್ಕಿಂತ ಹೆಚ್ಚು ಭಾಗಲಬ್ಧ ಬೇಕಾಗದು.

```
C4:  =$B4/C$3
G2:  =LARGE($C$4:$E$10,$G$1)
F4:  =SUMPRODUCT(--(C4:E4>=$G$2))
```

C4ನ್ನು E10ರವರೆಗೆ ಎಳೆಯಿರಿ, F4ನ್ನು ಕೆಳಕ್ಕೆ ಎಳೆಯಿರಿ. G2ರಲ್ಲಿ ಬರುವುದು ಕೊನೆಯ ಸೀಟು ಗೆದ್ದ ಭಾಗಲಬ್ಧ, ಅಂದರೆ ಗೆರೆ. ಪ್ರತಿ ಸಾಲಿನಲ್ಲಿ ಆ ಗೆರೆಯನ್ನು ಮುಟ್ಟಿದ ಅಥವಾ ದಾಟಿದ ಸೆಲ್‌ಗಳು ಎಷ್ಟು ಎಂದು F ಎಣಿಸುತ್ತದೆ.

ಬ್ರಿಟನ್ನಿನಲ್ಲಿ ಆಗ ಜಾರಿಯಲ್ಲಿದ್ದದ್ದು ಡೋಂಟ್ ಪದ್ಧತಿ. ಭಾಜಕಗಳು 1, 2, 3. ಮೇಲಿನ ಮೂರು ಸಾಲು ಹೀಗೆ ಬರುತ್ತವೆ:

| ಪಕ್ಷ | ÷1 | ÷2 | ÷3 |
|---|---|---|---|
| ಬ್ರೆಕ್ಸಿಟ್ ಪಾರ್ಟಿ | 2,40,056 | 1,20,028 | 80,018.67 |
| ಲೇಬರ್ | 1,19,931 | 59,965.5 | 39,977 |
| ಲಿಬರಲ್ ಡೆಮಾಕ್ರಾಟ್ | 1,04,330 | 52,165 | 34,776.67 |

ಗೆರೆ 1,19,931. ಬ್ರೆಕ್ಸಿಟ್ ಪಾರ್ಟಿಗೆ 2, ಲೇಬರ್‌ಗೆ 1, ಲಿಬರಲ್ ಡೆಮಾಕ್ರಾಟರಿಗೆ ಏನೂ ಇಲ್ಲ. ಚುನಾವಣೆಯಲ್ಲಿ ಆದದ್ದೂ ಇದೇ. ಎರಡನೇ ಮತ್ತು ಮೂರನೇ ಸೀಟಿನ ಭಾಗಲಬ್ಧಗಳ ನಡುವೆ ಬರೀ 97ರ ಅಂತರ ಇರುವುದನ್ನು ನೋಡಿ ಎದೆ ಝಲ್ಲೆನ್ನಬಹುದು. ಆದರೆ ಆ ಅಂತರ ಸೀಟು ಹಂಚಿಕೆಯ ಕ್ರಮವನ್ನಷ್ಟೇ ತೀರ್ಮಾನಿಸಿತು, ಸೀಟಿನ ಲೆಕ್ಕವನ್ನಲ್ಲ. ಪ್ರಾಂತ್ಯಕ್ಕೆ ಎರಡೇ ಸೀಟು ಇದ್ದಿದ್ದರೆ ಅದೇ 97 ಲೇಬರ್ ಪಕ್ಷವನ್ನು ಬರಿಗೈಯಲ್ಲಿ ಕಳಿಸುತ್ತಿತ್ತು. G1ರಲ್ಲಿ 2 ಎಂದು ಹಾಕಿ ನೋಡಿ.

ಈಗ ಮೂರನೇ ಸಾಲನ್ನು ಮಾತ್ರ ಬದಲಿಸೋಣ. ಸೇಂತ್-ಲಾಗ್ಯೂ ಪದ್ಧತಿಗೆ 1, 3, 5. ಜರ್ಮನಿ ಮತ್ತು ನ್ಯೂಜಿಲೆಂಡ್ ಬಳಸುವುದು ಇದನ್ನೇ. ಬ್ರೆಕ್ಸಿಟ್ ಪಾರ್ಟಿಯ ಎರಡನೇ ಭಾಗಲಬ್ಧ 1,20,028ರಿಂದ ಒಮ್ಮೆಗೇ 80,018.67ಕ್ಕೆ ಕುಸಿಯುತ್ತದೆ, ಲಿಬರಲ್ ಡೆಮಾಕ್ರಾಟರ 1,04,330 ಅದಕ್ಕಿಂತ ಮೇಲೆ ನಿಲ್ಲುತ್ತದೆ. ಫಲಿತಾಂಶ 1, 1, 1. ಲೇಬರ್‌ನ ಎರಡು ಪಟ್ಟಿಗಿಂತ ಹೆಚ್ಚು ಮತ ಪಡೆದ ಪಕ್ಷಕ್ಕೂ ಲೇಬರ್‌ಗೂ ಸಮ ಸೀಟು! ಶೇಕಡಾವಾರು ನೋಡಿದರೆ ಬ್ರೆಕ್ಸಿಟ್ ಪಾರ್ಟಿಯ 38.7ಕ್ಕೆ ಡೋಂಟ್ ಕೊಟ್ಟದ್ದು 66.7, ಸೇಂತ್-ಲಾಗ್ಯೂ ಕೊಟ್ಟದ್ದು 33.3. ಮೂರು ಸೀಟಿನಲ್ಲಿ ಇದಕ್ಕಿಂತ ಹತ್ತಿರ ಹೋಗಲು ಸಾಧ್ಯವೂ ಇಲ್ಲ, ಹಾಗಾಗಿ ಇಲ್ಲಿ ಸೇಂತ್-ಲಾಗ್ಯೂ ಕಡೆಗೇ ನನ್ನ ಒಲವು. ದೊಡ್ಡ ಪಕ್ಷಕ್ಕೆ ಸ್ಪಷ್ಟ ಬಹುಮತ ಬರಲಿ ಎನ್ನುವವರು ಡೋಂಟ್ ಹಿಡಿಯುತ್ತಾರೆ, ಅದರ ಪಕ್ಷಪಾತ ಬಚ್ಚಿಟ್ಟದ್ದೇನಲ್ಲ.

ಇವೆರಡರ ನಡುವಿನದು ನಾರ್ವೆಯ ದಾರಿ. ಮೊದಲ ಭಾಜಕ 1ರ ಬದಲು 1.4, ಉಳಿದವು 3, 5, 7 ಹಾಗೇ. ಮೊದಲ ಸೀಟಿನ ಹೊಸ್ತಿಲನ್ನು ಎತ್ತರಿಸಿ ಪುಟ್ಟ ಪಕ್ಷಗಳನ್ನು ತಡೆಯುವ ಉಪಾಯ ಇದು. ಲಿಬರಲ್ ಡೆಮಾಕ್ರಾಟರ ಮೊದಲ ಭಾಗಲಬ್ಧ 74,521.43ಕ್ಕೆ ಇಳಿಯುತ್ತದೆ. ಬ್ರೆಕ್ಸಿಟ್ ಪಾರ್ಟಿಯ 80,018.67 ಇದ್ದಲ್ಲೇ ಇದೆ. ಮತ್ತೆ 2, 1, 0. ಸ್ವೀಡನ್ ಸಹ 1.4 ಇಟ್ಟುಕೊಂಡಿತ್ತು, 2018ರ ಚುನಾವಣೆಯಿಂದ 1.2ಕ್ಕೆ ಇಳಿಸಿತು. C3ಯಲ್ಲಿ 1.2 ಹಾಕಿದರೆ ಲಿಬರಲ್ ಡೆಮಾಕ್ರಾಟರು 86,941.67ರೊಂದಿಗೆ ವಾಪಸ್ ಬರುತ್ತಾರೆ, ಫಲಿತಾಂಶ 1, 1, 1. ಮತ ಒಂದೂ ಬದಲಾಗಿಲ್ಲ. ಸೀಟು ಪಕ್ಷದಿಂದ ಪಕ್ಷಕ್ಕೆ ಜಿಗಿಯುವ ಬಿಂದು ಬೇಕಿದ್ದರೆ 1,04,330ನ್ನು 80,018.67ರಿಂದ ಭಾಗಿಸಿ: ಸುಮಾರು 1.3038. ಮೊದಲ ಭಾಜಕ ಅದಕ್ಕಿಂತ ಕಡಿಮೆ ಇದ್ದರೆ ಸೀಟು ಒಬ್ಬರಿಗೆ, ಹೆಚ್ಚಿದ್ದರೆ ಇನ್ನೊಬ್ಬರಿಗೆ.

ಎಣಿಕೆಯ ಸೂತ್ರದಲ್ಲೂ ಎರಡು ಆಯ್ಕೆಗಳಿವೆ, ಎರಡಕ್ಕೂ ಒಂದೊಂದು ಕುತ್ತು. ಬಹಳಷ್ಟು ಜನ F4ರಲ್ಲಿ ಬರೆಯುವುದು ಇದನ್ನು:

```
=COUNTIF(C4:E4,">="&$G$2)
```

ಇಲ್ಲಿ & ಚಿಹ್ನೆ G2ರ ಸಂಖ್ಯೆಯನ್ನು ಪಠ್ಯವಾಗಿ ಮಾಡುತ್ತದೆ, ಪಠ್ಯದಲ್ಲಿ ಉಳಿಯುವುದು 15 ಅಂಕಿ ಮಾತ್ರ. 1.4ರ ಲೆಕ್ಕದಲ್ಲಿ ಗೆರೆ 80018.666… ಎಂದು ಕೊನೆಯಿಲ್ಲದೆ ಹೋಗುವಂಥದ್ದು. ಪಠ್ಯದಲ್ಲಿ ಅದು 80018.6666666667 ಎಂದು ಕೂದಲೆಳೆಯಷ್ಟು ಮೇಲಕ್ಕೆ ದುಂಡಾಗುತ್ತದೆ. ಆಗ ಗೆರೆ ಎಳೆದ ಭಾಗಲಬ್ಧವೇ ಗೆರೆಗಿಂತ ಕೆಳಗೆ ಬಿದ್ದು ಎಣಿಕೆಯಿಂದ ತಪ್ಪಿಹೋಗಬಹುದು. ಗುರುತು ಸುಲಭ: F ಕಾಲಂ ಕೂಡಿಸಿದರೆ 3 ಬರುವ ಕಡೆ 2. ಡೋಂಟ್‌ನಲ್ಲಿ ಇಲ್ಲಿನ ಗೆರೆ ಪೂರ್ಣಾಂಕವಾದ್ದರಿಂದ ಅದೇ ಸೂತ್ರ ಸರಿಯಾಗಿಯೇ ಉತ್ತರ ಕೊಡುತ್ತದೆ, ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

SUMPRODUCT ಸೆಲ್‌ಗಳನ್ನು ಸಂಖ್ಯೆಯಾಗಿಯೇ ಹೋಲಿಸುವುದರಿಂದ ಆ ತೊಂದರೆ ಇಲ್ಲ. ಅದರ ಕುತ್ತು ಬೇರೆ: ಎಕ್ಸೆಲ್ ಹೋಲಿಕೆಯಲ್ಲಿ ಪಠ್ಯ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಕನಿಷ್ಠ ಶೇಕಡಾ ಮತ ಬಾರದ ಪಕ್ಷದ ಸೆಲ್‌ಗಳನ್ನು ಖಾಲಿ ತೋರಿಸಲು IF ಒಳಗೆ "" ಬರೆದರೆ, LARGE ಅವನ್ನು ಕಡೆಗಣಿಸುತ್ತದೆ, SUMPRODUCT ಮಾತ್ರ ಒಂದೊಂದನ್ನೂ ಗೆದ್ದ ಸೀಟೆಂದು ಎಣಿಸುತ್ತದೆ. ಗೆರೆ ಸರಿ, ಸೀಟು ತಪ್ಪು. ಅಂಥ ಸೆಲ್‌ಗಳಿಗೆ 0 ಕೊಡಿ. ಅಂದವಾಗಿ ಕಾಣಬೇಕೆಂದು ಅವುಗಳಲ್ಲಿ ಅಡ್ಡಗೀಟು ಬರೆದಿಡುವ ಅಭ್ಯಾಸವೂ ಬೇಡ, ಅದೂ ಪಠ್ಯವೇ.

ಇನ್ನು $ ಚಿಹ್ನೆಯ ವಿಷಯ. C4ರಲ್ಲಿ =B4/C$3 ಎಂದು ಬರೆದು ಬಲಕ್ಕೆ ಎಳೆದರೆ D4 ಮತವನ್ನಲ್ಲ, C4ರ ಭಾಗಲಬ್ಧವನ್ನು ಭಾಗಿಸುತ್ತದೆ. ಬ್ರೆಕ್ಸಿಟ್ ಪಾರ್ಟಿಯ ಮೂರನೇ ಕಾಲಂ 80,018.67 ಆಗಬೇಕಾದಲ್ಲಿ 40,009.33 ಆಗುತ್ತದೆ. ಈ ಪ್ರಾಂತ್ಯದ ಡೋಂಟ್ ಲೆಕ್ಕದಲ್ಲಿ ಮೂರನೇ ಕಾಲಂ ಕೆಲಸಕ್ಕೇ ಬಾರದ್ದರಿಂದ ಉತ್ತರ ಸರಿಯಾಗಿಯೇ ಬಂದು ತಪ್ಪು ಮುಚ್ಚಿಹೋಗುತ್ತದೆ. ಹೀಗಾಗಿ ಹೊಸ ಶೀಟನ್ನು ಪರೀಕ್ಷಿಸಲು ಇದು ಸಾಲದು. ಸ್ಪೇನಿನ ಚುನಾವಣಾ ಕಾನೂನಿನ 163ನೇ ವಿಧಿಯಲ್ಲಿ ಭಾಗಾಕಾರದ ಕೋಷ್ಟಕವನ್ನೇ ಉದಾಹರಣೆಯಾಗಿ ಅಚ್ಚು ಹಾಕಿದ್ದಾರೆ: 8 ಸೀಟು, ಮತಗಳು 1,68,000, 1,04,000, 72,000, 64,000, 40,000, 32,000. ಸರಿಯಾದ ಶೀಟು 4, 2, 1, 1, 0, 0 ಕೊಡುತ್ತದೆ. $ ಮರೆತ ಶೀಟು 2, 2, 2, 1, 1, 0 ಕೊಡುತ್ತದೆ. ಒಟ್ಟು ಎಂಟೇ ಇರುವುದರಿಂದ ಮೊತ್ತ ನೋಡಿ ಹಿಡಿಯಲಾಗದ ತಪ್ಪು ಇದು. ಇದೇ ಮತಗಳಿಗೆ ಸೇಂತ್-ಲಾಗ್ಯೂ ಉತ್ತರ 3, 2, 1, 1, 1, 0.

ಕೋಷ್ಟಕ ಮತ್ತು LARGE ಜೋಡಿಗೆ ಎದುರಾಳಿ ಒಂದಿದೆ: ಒಂದೇ ಭಾಜಕವನ್ನು ಊಹಿಸಿ ಹುಡುಕುವುದು. ಡೋಂಟ್‌ಗೆ ಎಲ್ಲರ ಮತವನ್ನೂ 1,10,000ದಿಂದ ಭಾಗಿಸಿ ROUNDDOWN ಮಾಡಿದರೆ 2, 1, 0. ಸೇಂತ್-ಲಾಗ್ಯೂಗೆ 2,00,000ದಿಂದ ಭಾಗಿಸಿ ROUND ಮಾಡಿದರೆ 1, 1, 1. ಮೊತ್ತ 3 ಆಗುವವರೆಗೆ ಭಾಜಕವನ್ನು ಏರಿಸಿ ಇಳಿಸಬೇಕು, ಅಷ್ಟೇ ಕೆಲಸ. ನ್ಯೂಜಿಲೆಂಡಿನ 120 ಸೀಟಿಗೆ ಕೋಷ್ಟಕವೆಂದರೆ 239ರವರೆಗಿನ ಬೆಸ ಸಂಖ್ಯೆಗಳ 120 ಕಾಲಂ; ಅಲ್ಲಿ ಈ ದಾರಿ ಹಗುರ. ಆದರೆ ಯಾವ ಸೀಟು ಯಾವ ಕ್ರಮದಲ್ಲಿ ಬಂತು, ಸೋತವರು ಎಷ್ಟರಿಂದ ಸೋತರು ಎನ್ನುವುದು ಇದರಲ್ಲಿ ಕಾಣುವುದಿಲ್ಲ. ಕೋಷ್ಟಕದಲ್ಲಾದರೆ LARGEಗೆ 4 ಕೊಟ್ಟರೆ ಕೈತಪ್ಪಿದವರ ಭಾಗಲಬ್ಧ ತಕ್ಷಣ ಸಿಗುತ್ತದೆ. ಮೂರು ಸೀಟಿಗೆ, ಹದಿನೈದು ಸೀಟಿಗೆ ನಾನು ಕೋಷ್ಟಕವನ್ನೇ ಹಾಕುತ್ತೇನೆ.

ಸಮಬಲ ಬಂದಾಗ ಮಾತ್ರ ಕೋಷ್ಟಕ ತಾನಾಗಿ ತೀರ್ಪು ಕೊಡದು. ಗೆರೆಯ ಮೇಲೆ ಎರಡು ಪಕ್ಷಗಳು ಸಮನಾಗಿ ನಿಂತರೆ F ಎರಡಕ್ಕೂ ಸೀಟು ಕೊಟ್ಟು ಮೊತ್ತ ಒಂದು ಹೆಚ್ಚಾಗುತ್ತದೆ. ಅದಕ್ಕೊಂದು ಎಚ್ಚರಿಕೆಯ ಸೆಲ್ ಇಡಿ:

```
=LARGE($C$4:$E$10,$G$1)=LARGE($C$4:$E$10,$G$1+1)
```

TRUE ಬಂದರೆ ಶೀಟು ಬಿಟ್ಟು ಆಯಾ ದೇಶದ ಕಾನೂನು ತೆರೆಯಬೇಕು. ಸ್ಪೇನಿನಲ್ಲಿ ಒಟ್ಟು ಮತ ಹೆಚ್ಚಿದ್ದವರಿಗೆ ಸೀಟು, ಅದೂ ಸಮವಾದರೆ ಮೊದಲ ಸಲ ಚೀಟಿ ಎತ್ತುತ್ತಾರೆ. 1.4ರ ಲೆಕ್ಕದಲ್ಲಿ ಈ ಎಚ್ಚರಿಕೆಯನ್ನೂ ನಂಬುವಂತಿಲ್ಲ: ಕಂಪ್ಯೂಟರ್ 1.4ನ್ನು ಕರಾರುವಾಕ್ಕಾಗಿ ಇಟ್ಟುಕೊಳ್ಳಲಾರದು, ನಿಜವಾಗಿ ಸಮವಿದ್ದದ್ದು ಕೊನೆಯ ಅಂಕಿಯಲ್ಲಿ ಬೇರೆಯಾಗಿ ತೋರಬಹುದು. ಪರಿಹಾರ ಮೂರನೇ ಸಾಲಿನಲ್ಲೇ ಇದೆ. 1.4, 3, 5ರ ಬದಲು ಎಲ್ಲವನ್ನೂ ಐದರಿಂದ ಗುಣಿಸಿ 7, 15, 25 ಎಂದು ಬರೆಯಿರಿ. ಭಾಗಲಬ್ಧಗಳೆಲ್ಲ ಐದನೇ ಒಂದರಷ್ಟಾಗುತ್ತವೆ, ಅವುಗಳ ಹಿರಿಕಿರಿತನ ಹಾಗೇ ಉಳಿಯುತ್ತದೆ. ಸ್ವೀಡನ್‌ಗೆ 6, 15, 25.