ಎಕ್ಸೆಲ್ ಲೈನ್ ಚಾರ್ಟ್, 6 ವರ್ಷದ ಬಳಕೆ: ಬರೆಯದ ದಿನವನ್ನು ಹಾಲಿಲ್ಲದ ದಿನ ಮಾಡಬೇಡಿ

ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸು 4 ಇವೆ. ಯಾವ ಹಸು ಎಷ್ಟು ಕೊಟ್ಟಿತು ಅಂತ ನಮ್ಮತ್ತೆ ಕೊಟ್ಟಿಗೆ ಬಾಗಿಲ ಹತ್ತಿರ ನೇತುಹಾಕಿದ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ನಾನು ಅದನ್ನು ಎಕ್ಸೆಲ್‌ಗೆ ಹಾಕಿ ಒಂದೊಂದು ಹಸುವಿಗೂ ಒಂದು ಲೈನ್ ಚಾರ್ಟ್ ಇಟ್ಟಿದ್ದೇನೆ. 6 ವರ್ಷವಾಯಿತು. ಒಟ್ಟಿನಲ್ಲಿ ಎಕ್ಸೆಲ್ ಬಗ್ಗೆ ನನಗೆ ಸಮಾಧಾನವಿದೆ. ಆದರೆ ಖಾಲಿ ಸೆಲ್ಲನ್ನು ಅದು ಹೇಗೆ ನೋಡುತ್ತದೆ ಅನ್ನೋದು ಗೊತ್ತಿಲ್ಲದಿದ್ದರೆ ಚಾರ್ಟ್ ದಾರಿ ತಪ್ಪಿಸುತ್ತದೆ. ಈ ವಿಮರ್ಶೆ ಪೂರ್ತಿ ಅದರ ಬಗ್ಗೆಯೇ.

ಎರಡನೇ ವರ್ಷ ನಡೆದದ್ದು. ಗೌರಿ ಅನ್ನೋ ಹಸು ದಿನಕ್ಕೆ ಸುಮಾರು 10 ಲೀಟರ್ ಕೊಡುತ್ತಿತ್ತು. ವಾರದ ಸರಾಸರಿಯ ಗೆರೆ ಒಂದು ವಾರ 10ರಿಂದ 7ಕ್ಕೆ ಇಳಿಯಿತು. ಕೆಚ್ಚಲು ಬಾವು ಶುರುವಾಗಿರಬಹುದು ಅಂತ ಹೆದರಿ ಪಶುವೈದ್ಯರನ್ನು ಕರೆಸಿದೆ. ಅವರು ನಾಲ್ಕೂ ಮೊಲೆಯ ಹಾಲು ಪರೀಕ್ಷೆ ಮಾಡಿ, ಏನೂ ಇಲ್ಲ ಅಂದರು. ಆಮೇಲೆ ಅತ್ತೆ ನೋಟ್‌ಬುಕ್ ತಂದು ತೋರಿಸಿದರು. "ನೋಡಮ್ಮ, ಬುಧವಾರ ಗುರುವಾರ ನಾವು ಮದುವೆಗೆ ಹೋಗಿದ್ವಲ್ಲ. ಪಕ್ಕದ ಮನೆಯವರು ಕರೆದು ಡೈರಿಗೆ ಹಾಕಿದ್ರು. ಬರೆದಿಲ್ಲ, ಅಷ್ಟೇ."

ಲೆಕ್ಕ ನೋಡಿ. ಬರೆದದ್ದು 5 ದಿನ: 10, 9.5, 10, 10.5, 10. ಒಟ್ಟು 50 ಲೀಟರ್. ನನ್ನ ಸೂತ್ರ ಅದನ್ನು 7ರಿಂದ ಭಾಗಿಸುತ್ತಿತ್ತು, 7.1 ಬಂತು. 5ರಿಂದ ಭಾಗಿಸಿದ್ದರೆ 10 ಬರುತ್ತಿತ್ತು. ಗೆರೆ ನೇರ ಸೊನ್ನೆಗೆ ಬಿದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು, ಅಲ್ವಾ? 7 ಅಂದರೆ ನಂಬುವಂಥ ಅಂಕಿ. ನಿಜವಾಗಿ ಕಾಯಿಲೆ ಬಿದ್ದ ಹಸುವಿನ ಗೆರೆಯೂ ಹಾಗೇ ಕಾಣುತ್ತದೆ. ಅದಕ್ಕೇ ಅರ್ಧಂಬರ್ಧ ಕುಸಿತ ಕಂಡರೆ ಈಗ ನಾನು ಮೊದಲು ನೋಡೋದು ಆ ವಾರ ಎಷ್ಟು ದಿನ ಬರೆದಿದೆ ಅನ್ನೋದನ್ನ.

ಇಂಥದ್ದೇ ಇನ್ನೊಂದು ದಿನಾ ಕಾಣುತ್ತಿತ್ತು. ಬೆಳಗಿನ ಹಾಲು B ಕಾಲಂ, ಸಂಜೆಯದು C, ಮೊತ್ತ D. ಬೆಳಿಗ್ಗೆ 5.5 ಅಂತ ಹಾಕಿದ ಕೂಡಲೇ ಇವತ್ತಿನ ಚುಕ್ಕಿ ಅರ್ಧಕ್ಕೆ ಬೀಳುತ್ತಿತ್ತು. ಸಂಜೆ ಹಾಲು ಇನ್ನೂ ಕರೆದೇ ಇಲ್ಲ, ಆದರೆ ಕೂಡುವಾಗ ಎಕ್ಸೆಲ್ ಖಾಲಿ ಸೆಲ್ಲನ್ನು 0 ಅಂತ ತೆಗೆದುಕೊಳ್ಳುತ್ತದೆ. ಬೇರೆ ಶೀಟಿನ ಖಾಲಿ ಸೆಲ್ಲನ್ನು ಸುಮ್ನೆ = ಹಾಕಿ ಎಳೆದುಕೊಂಡರೂ 0 ಬರುತ್ತದೆ. ಇದಕ್ಕೆ ಎಲ್ಲರೂ ಮೊದಲು ಮಾಡೋ ಉಪಾಯ, ಸೂತ್ರದಲ್ಲಿ "" ಕೊಡೋದು. ನಾನೂ ಮಾಡಿದೆ. ಸೆಲ್ ಖಾಲಿ ಕಾಣುತ್ತದೆ, ಆದರೆ ಎಕ್ಸೆಲ್‌ಗೆ ಅದು ಪಠ್ಯ, ಖಾಲಿ ಅಲ್ಲ. ಲೈನ್ ಚಾರ್ಟ್ ಪಠ್ಯಕ್ಕೆ ಸೊನ್ನೆಯಲ್ಲೇ ಚುಕ್ಕಿ ಇಡುತ್ತದೆ. ಶೀಟಿನಲ್ಲಿ ಏನೂ ಕಾಣದ ಕಡೆ ಚಾರ್ಟಿನಲ್ಲಿ ಗೆರೆ ತಳಕ್ಕೆ ಮುಟ್ಟಿದ್ದರೆ ಕಾರಣ ಹೆಚ್ಚಾಗಿ ಇದೇ.

ಈಗ ನಾನು ಬಳಸೋದು ಇದು:

```
=IF(COUNT(B5:C5)=2, B5+C5, NA())
```

COUNT ಎಣಿಸೋದು ಅಂಕಿಗಳನ್ನು ಮಾತ್ರ. ಎರಡೂ ಹೊತ್ತಿನದು ಬರೆದಿದ್ದರೆ ಮೊತ್ತ, ಒಂದು ಬಿಟ್ಟಿದ್ದರೂ #N/A. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಏನಂದರೆ, ಕೈಯಾರೆ ಹಾಕಿದ 0 ಕೂಡ ಅಂಕಿಯೇ. ಹಸು ಸಂಜೆ ಹಾಲು ಬಿಡಲೇ ಇಲ್ಲ ಅಂತ ಅತ್ತೆ 0 ಬರೆದರೆ ಅದು ಚಾರ್ಟಿಗೆ ಹೋಗುತ್ತದೆ. ಬರೆಯೋದು ಮರೆತಿದ್ದರೆ ಹೋಗುವುದಿಲ್ಲ. ಅತ್ತೆಗೂ ಅದನ್ನೇ ಹೇಳಿದ್ದೇನೆ: ಹಾಲು ಇಲ್ಲದಿದ್ದರೆ ಸೊನ್ನೆ ಬರೀರಿ, ಗೊತ್ತಿಲ್ಲದಿದ್ದರೆ ಗೀಟು ಹಾಕಿ.

ವಾರದ ಸರಾಸರಿಗೂ ಸೂತ್ರ ಬದಲಾಯಿಸಬೇಕಾಯಿತು, ಯಾಕಂದರೆ ಒಂದು #N/A ಇದ್ದರೂ AVERAGE ಪೂರ್ತಿ #N/A ಆಗುತ್ತದೆ.

```
=IF(COUNT(D4:D10)>=5, AGGREGATE(1,6,D4:D10), NA())
```

ಇಲ್ಲಿ 1 ಅಂದರೆ ಸರಾಸರಿ, 6 ಅಂದರೆ ತಪ್ಪು ಇರುವ ಸೆಲ್ ಬಿಟ್ಟುಬಿಡು ಅಂತ. 5 ದಿನಕ್ಕಿಂತ ಕಡಿಮೆ ಬರೆದಿದ್ದರೆ ಸರಾಸರಿಯೇ ಬೇಡ. ಈ 5 ನಾನು ಇಟ್ಟುಕೊಂಡ ಗಡಿ. ನಮ್ಮ ಹಸುಗಳ ಹಾಲು ದಿನದಿಂದ ದಿನಕ್ಕೆ ಜಾಸ್ತಿ ಏರುಪೇರಾಗುವುದಿಲ್ಲ, ಹಾಗಾಗಿ ನಡೆಯುತ್ತದೆ.

ಇನ್ನು ಚಾರ್ಟಿನ ಕಡೆ. ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ Select Data, ಅದರೊಳಗೆ Hidden and Empty Cells. ಅಲ್ಲಿ ಮೂರು ಆಯ್ಕೆ: Gaps, Zero, Connect data points with line. ನಾನು Gaps ಇಟ್ಟು, ಕೆಳಗಿನ Show #N/A as empty cell ಟಿಕ್ ಮಾಡುತ್ತೇನೆ. ಹಳೆಯ ಆವೃತ್ತಿಗಳಲ್ಲಿ ಈ ಟಿಕ್ ಇಲ್ಲ. ಅಲ್ಲಿ #N/A ಸೊನ್ನೆಗೆ ಬೀಳುವುದಿಲ್ಲ, ನಿಜ, ಆದರೆ ಅಕ್ಕಪಕ್ಕದ ಚುಕ್ಕಿಗಳನ್ನು ಜೋಡಿಸಿ ಗೆರೆ ಎಳೆದುಬಿಡುತ್ತದೆ. ಹಾಗೆ ಜೋಡಿಸಿದ ಗೆರೆ, ಅಳೆದು ಬರೆದ ಗೆರೆ, ಎರಡೂ ಒಂದೇ ಥರ ಕಾಣುತ್ತವೆ. ಒಂದು ದಿನಕ್ಕೆ ಪರವಾಗಿಲ್ಲ. ಹತ್ತು ದಿನ ತಪ್ಪಿದ್ದರೆ ಆ ಗೆರೆ ನಾವು ನೋಡದೇ ಇದ್ದದ್ದನ್ನು ನೋಡಿದ ಹಾಗೆ ಹೇಳುತ್ತದೆ. ನನಗೆ ಅದು ಬೇಡ.

Gaps ಇಟ್ಟವರು ಒಂದು ಕೆಲಸ ಮರೆಯಬೇಡಿ, ಮಾರ್ಕರ್ ಆನ್ ಮಾಡಿ. ಸೋಮವಾರ ಇಲ್ಲ, ಮಂಗಳವಾರ ಇದೆ, ಬುಧವಾರ ಇಲ್ಲ ಅಂದುಕೊಳ್ಳಿ. ಗೆರೆ ಎಳೆಯಲು ಎರಡು ಚುಕ್ಕಿ ಬೇಕು. ಮಾರ್ಕರ್ ಇಲ್ಲದಿದ್ದರೆ ಮಂಗಳವಾರದ್ದು ಬರೆದಿದ್ದರೂ ಚಾರ್ಟಿನಲ್ಲಿ ಕಾಣುವುದೇ ಇಲ್ಲ. ಇನ್ನೊಂದು, ತಪ್ಪಿದ ದಿನದ ಸಾಲೇ ಶೀಟಿನಲ್ಲಿ ಇಲ್ಲದಿದ್ದರೆ ಎಕ್ಸೆಲ್‌ಗೆ ಖಾಲಿ ಅನ್ನೋದೇ ತಿಳಿಯುವುದಿಲ್ಲ, ನೇರ ಗೆರೆ ಎಳೆಯುತ್ತದೆ. ಅದಕ್ಕೆ ನಾನು ವರ್ಷದ ಶುರುವಿನಲ್ಲೇ ಅಷ್ಟೂ ದಿನದ ತಾರೀಖು ತುಂಬಿಡುತ್ತೇನೆ.

ತಲೆ ಕೆಡಿಸಿಕೊಂಡದ್ದು ಗೌರಿ ಗಬ್ಬವಾದಾಗ. ಕರು ಹಾಕುವ ಸುಮಾರು 2 ತಿಂಗಳ ಮುಂಚೆ ಹಾಲು ಬತ್ತಿಸುತ್ತೇವೆ. ಆ 60 ದಿನ ಸೊನ್ನೆಯೋ, ಖಾಲಿಯೋ? ಇಳುವರಿ ಚಾರ್ಟಿನಲ್ಲಿ ಖಾಲಿ ಬಿಟ್ಟೆ. ನಾವು ಕರೆಯುವುದನ್ನೇ ನಿಲ್ಲಿಸಿದ್ದೇವೆ, ಹಸುವಿನ ಶಕ್ತಿ ಇಳಿದದ್ದಲ್ಲ. ಗ್ಯಾಪ್ ಮೇಲೆ "ಬತ್ತಿಸಿದ್ದು" ಅಂತ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟೆ. ದುಡ್ಡಿನ ಚಾರ್ಟಿನಲ್ಲಿ ಮಾತ್ರ ಅದೇ 60 ದಿನಕ್ಕೆ 0 ಹಾಕಿದೆ, ಯಾಕಂದರೆ ಗೌರಿಯಿಂದ ನಿಜವಾಗಿಯೂ ರೂಪಾಯಿ ಬರಲಿಲ್ಲ, ಹಿಂಡಿ ಬೂಸಾ ಖರ್ಚು ನಿಂತಿರಲಿಲ್ಲ. ಕರು ಹಾಕಿದ ಮೇಲೆ ಗಿಣ್ಣು ಹಾಲಿನ ದಿನಗಳಲ್ಲಿ ಇನ್ನೊಂದು ಥರ. ಹಸು ಹಾಲು ಕೊಡುತ್ತಿದೆ, ಡೈರಿಗೆ ಹಾಕುವ ಹಾಗಿಲ್ಲ. ಇಳುವರಿಯಲ್ಲಿ ಅಂಕಿ, ದುಡ್ಡಿನಲ್ಲಿ ಸೊನ್ನೆ.

ಎಕ್ಸೆಲ್ ಬಗ್ಗೆ ನನ್ನ ದೂರು ಎರಡೇ. ಖಾಲಿ ಸೆಲ್ಲಿನ ಆಯ್ಕೆ ಎರಡು ಕಿಟಕಿಗಳ ಒಳಗೆ ಅಡಗಿ ಕೂತಿದೆ, ಯಾರೂ ಹೇಳಿಕೊಡದೆ ಕಣ್ಣಿಗೆ ಬೀಳುವುದು ಕಷ್ಟ. ಮತ್ತೆ, ಅದು ಇಡೀ ಚಾರ್ಟಿಗೆ ಒಂದೇ. ಒಂದು ಹಸುವಿನ ಗೆರೆಗೆ ಗ್ಯಾಪ್, ಇನ್ನೊಂದಕ್ಕೆ ಜೋಡಣೆ ಅಂದರೆ ಆಗುವುದಿಲ್ಲ. ಅದಕ್ಕೇ ಹಸುವಿಗೊಂದು ಚಾರ್ಟ್ ಇಟ್ಟಿರೋದು. 5ಕ್ಕೆ 4 ಕೊಡುತ್ತೇನೆ.