ಬಂಗಾರ, ಗುಟ್ಟಿನ ಹೆಸರು, ಹೆಸರಿನ ಜೊತೆ ಹೂವು: ಹೆಂಡತಿಯ ನಂಬರಿಗೆ ಯಾವುದು ಸರಿ?

ಫೋನಿನಲ್ಲಿ ಸೇವ್ ಮಾಡಿದ ಹೆಸರು ನಮಗೊಬ್ಬರಿಗೇ ಕಾಣುತ್ತದೆ ಅಂದುಕೊಂಡಿರುತ್ತೇವೆ. ಆದರೆ ಕರೆ ಬಂದಾಗ ಲಾಕ್ ಆದ ಪರದೆಯ ಮೇಲೂ ಅದು ದೊಡ್ಡದಾಗಿ ಬರುತ್ತದೆ. ಫೋನ್ ಟೇಬಲ್ಲಿನ ಮೇಲಿದ್ದರೆ ಪಕ್ಕದವರೂ ಓದುತ್ತಾರೆ. ಬ್ಲೂಟೂತ್ ಜೋಡಿಸಿದ ಕಾರಿನ ಪರದೆಯಲ್ಲಿ, ಕೈಗಡಿಯಾರದಲ್ಲಿ, ಮೀಟಿಂಗಿನಲ್ಲಿ ಫೋನಿನ ಸ್ಕ್ರೀನ್ ಶೇರ್ ಮಾಡಿದಾಗ, ಎಲ್ಲ ಕಡೆಯೂ ಅದೇ ಹೆಸರು. ಹೆಂಡತಿಯ ನಂಬರಿಗೆ ನಾನು ಮೂರು ಬಗೆಯ ಹೆಸರು ಇಟ್ಟು ನೋಡಿದ್ದೇನೆ.

ಮೊದಲನೆಯದು ನೇರವಾಗಿ ‘ಬಂಗಾರ’. ಕರೆ ಬಂದಾಗ ಆಗುವ ಖುಷಿಯಲ್ಲಿ ಇದಕ್ಕೆ ಸಾಟಿಯಿಲ್ಲ. ತೊಂದರೆ ಇರುವುದು ನಂಬರನ್ನು ಬೇರೆಯವರಿಗೆ ಕಳಿಸುವಾಗ. ಮನೆಗೆ ಸಾಮಾನು ತರುವವರಿಗೆ ‘ಇವರಿಗೆ ಫೋನ್ ಮಾಡಿ’ ಅಂತ ಕಾಂಟ್ಯಾಕ್ಟ್ ಶೇರ್ ಮಾಡಿದರೆ, ನಂಬರಿನ ಜೊತೆ ನಾವಿಟ್ಟ ಹೆಸರೂ ಹೋಗುತ್ತದೆ. ಅವರು ಹಾಗೆಯೇ ಸೇವ್ ಮಾಡಿದರೆ ಅವರ ಫೋನಿನಲ್ಲೂ ಅವಳು ‘ಬಂಗಾರ’ವೇ! ಇದನ್ನು ಹೇಳಿದಾಗ ಅವಳು ಅಂದಳು: “ಆ ಹೆಸರು ನಾವಿಬ್ಬರೇ ಇದ್ದಾಗ ಕರೀರಿ, ಕಂಡವರಿಗೆಲ್ಲ ಯಾಕೆ?” ಅವಳ ಮಾತು ನನಗೂ ಸರಿ ಅನ್ನಿಸಿತು. ಹೆಸರು ಇಡುವುದು ನಮ್ಮ ಫೋನಿನಲ್ಲೇ ಆದರೂ ಮುಜುಗರವಾಗುವುದು ಹೆಂಡತಿಗೆ, ಅಲ್ವಾ? ಅದಕ್ಕೇ ಮೊದಲು ಅವಳನ್ನೇ ಕೇಳಿಬಿಡುವುದು ಒಳ್ಳೆಯದು.

ಎರಡನೆಯದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಹೆಸರು. ನಾನು ಇಟ್ಟಿದ್ದು ‘ನೀಲಿ ಛತ್ರಿ’. ಯಾರು ನೋಡಿದರೂ ಏನೂ ತಿಳಿಯುವುದಿಲ್ಲ, ನಮಗೆ ಮಾತ್ರ ಅದರ ಹಿಂದಿನ ಕಥೆ ಗೊತ್ತು. ಗುಟ್ಟು ಮತ್ತು ಮುದ್ದು ಎರಡೂ ಸೇರಿದ್ದು ಇದರಲ್ಲೇ ಜಾಸ್ತಿ. ಆದರೂ ಇದನ್ನು ಬಿಟ್ಟೆ. ನನಗೇನಾದರೂ ಆಗಿ ಫೋನ್ ಬೇರೆಯವರ ಕೈಗೆ ಸಿಕ್ಕರೆ, ‘ನೀಲಿ ಛತ್ರಿ’ ನನ್ನ ಹೆಂಡತಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆಂಡ್ರಾಯ್ಡ್ ಫೋನಿನಲ್ಲಿ ತುರ್ತು ಸಂಪರ್ಕಕ್ಕೆ ಆರಿಸಿಟ್ಟವರ ಹೆಸರು ಲಾಕ್ ಪರದೆಯಿಂದಲೇ ನೋಡಬಹುದು. ಅಲ್ಲಿ ಬರುವುದೂ ಕಾಂಟ್ಯಾಕ್ಟಿನಲ್ಲಿ ಸೇವ್ ಮಾಡಿದ ಹೆಸರೇ. ಐಫೋನಿನಲ್ಲಿ ತುರ್ತು ಮಾಹಿತಿ ಇಡುವ Medical ID ಯಲ್ಲಾದರೆ ಅವರು ನಮಗೆ ಏನಾಗಬೇಕು ಅನ್ನುವುದನ್ನೂ ಸೇರಿಸಬಹುದು, ಹಾಗಾಗಿ ಅಲ್ಲಿ ಇಷ್ಟು ಗೊಂದಲವಿಲ್ಲ.

ಮೂರನೆಯದು ಅವಳ ಹೆಸರಿನ ಜೊತೆ ಒಂದು ಪುಟ್ಟ ಗುರುತು. ಅವಳ ಹೆಸರು ಸುಮಾ ಅಂತಿಟ್ಟುಕೊಳ್ಳಿ, ಆಗ ‘ಸುಮಾ 🌻’. ನಾನು ಉಳಿಸಿಕೊಂಡಿದ್ದು ಇದನ್ನೇ. ನೋಡಿದವರಿಗೆ ಅದೊಂದು ಹೂವು, ಅಷ್ಟೇ. ಕೆಂಪು ಹೃದಯ ಹಾಕಿದರೆ ಮತ್ತೆ ‘ಬಂಗಾರ’ದ ಕಥೆಯೇ, ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ಅದಕ್ಕೇ ನಿಮ್ಮಿಬ್ಬರ ನಡುವೆ ಏನೋ ಅರ್ಥವಿರುವ ಚಿತ್ರವನ್ನೇ ಆರಿಸಿ. ಗುರುತನ್ನು ಹೆಸರಿನ ಕೊನೆಯಲ್ಲೇ ಇಡಿ. ಮೊದಲಿಗೆ ಇಟ್ಟರೆ ಅಕ್ಷರದ ಸಾಲಿನಲ್ಲಿ ಹೆಸರು ತನ್ನ ಜಾಗ ಬಿಟ್ಟು ಪಟ್ಟಿಯ ಒಂದು ತುದಿಗೆ ಹೋಗಿಬಿಡುತ್ತದೆ, ಹುಡುಕುವಾಗ ಕಿರಿಕಿರಿ. ಕೆಲವು ಕಾರುಗಳ ಪರದೆಗೆ ಇಂಥ ಚಿತ್ರ ತೋರಿಸಲು ಬರುವುದಿಲ್ಲ, ಅಲ್ಲೊಂದು ಖಾಲಿ ಚೌಕ ಬರುತ್ತದೆ. ಕನ್ನಡ ಅಕ್ಷರಕ್ಕೂ ಕೆಲವು ಕಡೆ ಇದೇ ಗತಿ. ನಿಮ್ಮ ಕಾರಿನಲ್ಲಿ ಒಮ್ಮೆ ಕರೆ ಮಾಡಿಸಿ ನೋಡಿ. ಇದರಲ್ಲೂ ಕಾಂಟ್ಯಾಕ್ಟ್ ಶೇರ್ ಮಾಡಿದರೆ ಹೂವು ಜೊತೆಗೇ ಹೋಗುತ್ತದೆ, ಅದರಿಂದ ಮುಜುಗರವೇನಿಲ್ಲ. ಅದೂ ಬೇಡವಾದರೆ ನಂಬರನ್ನಷ್ಟೇ ಕಾಪಿ ಮಾಡಿ ಕಳಿಸಿ.

ಹೂವಿನಲ್ಲಿ ‘ಬಂಗಾರ’ದಷ್ಟು ಮುದ್ದಿಲ್ಲ, ನಿಜ. ಆ ಕೊರತೆ ತುಂಬಿದ್ದು ರಿಂಗ್‌ಟೋನ್. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಒಬ್ಬೊಬ್ಬರಿಗೆ ಬೇರೆ ಬೇರೆ ರಿಂಗ್‌ಟೋನ್ ಇಡಬಹುದು. ಅವಳಿಗೆ ಇಷ್ಟವಾದ ರಾಗವೊಂದನ್ನು ಅವಳ ನಂಬರಿಗಷ್ಟೇ ಇಟ್ಟಿದ್ದೇನೆ. ಕೇಳಿದವರಿಗೆ ಅದು ಬರೀ ರಾಗ. ನನಗೆ ಫೋನ್ ನೋಡುವ ಮೊದಲೇ ಯಾರೆಂದು ಗೊತ್ತಾಗುತ್ತದೆ.

ಅಪ್ಪ ಅಮ್ಮನ ನಂಬರಿನ ವಿಷಯ ಬೇರೆ. ‘ಅಮ್ಮ’ ಅಂತ ಇಟ್ಟರೆ ಮುಜುಗರವೇನೂ ಇಲ್ಲ. ಅಲ್ಲಿರುವ ಚಿಂತೆ ಒಂದೇ: ಲಾಕ್ ಇಲ್ಲದ ಫೋನ್ ಕಳ್ಳರ ಕೈಗೆ ಸಿಕ್ಕರೆ, ‘ನಿಮ್ಮ ಮಗನಿಗೆ ಅಪಘಾತವಾಗಿದೆ, ದುಡ್ಡು ಕಳಿಸಿ’ ಅಂತ ಹೆದರಿಸಲು ಯಾರಿಗೆ ಫೋನ್ ಮಾಡಬೇಕೆಂದು ಆ ಹೆಸರೇ ಹೇಳಿಬಿಡುತ್ತದೆ. ಹೆಸರು ಬದಲಿಸುವುದಕ್ಕಿಂತ ಫೋನಿಗೆ ಗಟ್ಟಿ ಲಾಕ್ ಹಾಕುವುದೇ ಇದಕ್ಕೆ ಸರಿಯಾದ ದಾರಿ. ‘ನನ್ನ ನಂಬರಿನಿಂದಲೇ ದುಡ್ಡು ಕೇಳಿದರೂ ನನ್ನ ದನಿ ಕೇಳದೆ ಕಳಿಸಬೇಡಿ’ ಅಂತ ಅವರಿಗೂ ಹೇಳಿಟ್ಟಿದ್ದೇನೆ. ಅಮ್ಮನ ಹೆಸರು ಈಗಲೂ ‘ಅಮ್ಮ’ ಅಂತಲೇ ಇದೆ.